ಕಾರ್ಟ್ ಮೊತ್ತ ಮತ್ತು ಕೂಪನ್ ಜೋಡಣೆ: ನಮ್ಮ ಅಂಗಡಿಯ ನಿಯಮಗಳು, ಡಿಕ್ಕಿ ಹೊಡೆಯುವ ಆಫರ್‌ಗಳಿಗೆ ಟೆಸ್ಟ್‌ಗಳು

ಇದು ಚೆಕ್‌ಔಟ್ ತಂಡಕ್ಕೂ ಟೆಸ್ಟಿಂಗ್ ತಂಡಕ್ಕೂ ಸೇರಿದ ಕಡತ. ಆಫರ್ ರೂಪಿಸುವವರೂ ಇದನ್ನು ಒಮ್ಮೆ ಓದಬೇಕು. ಇಲ್ಲಿನ ಮೊತ್ತಗಳೆಲ್ಲ ಅಂಗಡಿಯ ಮೂಲ ಕರೆನ್ಸಿಯಲ್ಲಿವೆ, ಎರಡು ದಶಾಂಶ ಸ್ಥಾನದವರೆಗೆ. ಕೋಡ್‌ನ ಒಳಗೆ ಮಾತ್ರ ಮೊತ್ತ ಯಾವಾಗಲೂ ಪೂರ್ಣಾಂಕ: 12.50 ಅಂದರೆ 1250. ದಶಾಂಶದಲ್ಲಿ ಇಟ್ಟರೆ ಒಂದು ಪೈಸೆ ಎಲ್ಲಿ ಸೋರಿತು ಅಂತ ಆಮೇಲೆ ಹುಡುಕುತ್ತಾ ಕೂರಬೇಕಾಗುತ್ತದೆ.

ಲೆಕ್ಕದ ಕ್ರಮ

```
1. line_price    ಬೆಲೆ × ಸಂಖ್ಯೆ, ಸೇಲ್ ಬೆಲೆ ಇದ್ದರೆ ಅದೇ
2. item_offers   "2 ಕೊಂಡರೆ 1 ಉಚಿತ" ಬಗೆಯವು
3. base_total    ಇಲ್ಲಿ ಮೊತ್ತ ಸ್ಥಿರ
4. auto_offer    ಕಾರ್ಟ್‌ಗೆ ತಾನಾಗಿ ಬೀಳುವ ಒಂದು ಆಫರ್
5. coupons       ಗರಿಷ್ಠ 2; ಮೊದಲು ಶೇಕಡಾ, ಆಮೇಲೆ ಇಡಿ ಮೊತ್ತ
6. shipping
7. payable       ಗಿಫ್ಟ್ ಕಾರ್ಡ್ ಇದರ ನಂತರ
```

ಇಡೀ ಕಡತದ ಜೀವ ಮೂರನೇ ಸಾಲಿನಲ್ಲಿದೆ. "ಕನಿಷ್ಠ ಇಷ್ಟು ಖರೀದಿಸಿರಬೇಕು" ಎನ್ನುವ ಷರತ್ತು ಎಲ್ಲೇ ಬರಲಿ, ಅದನ್ನು `base_total` ಮೇಲೆಯೇ ನೋಡಬೇಕು. ರಿಯಾಯಿತಿ ಕಳೆದು ಉಳಿದ ಮೊತ್ತದ ಮೇಲೆ ನೋಡುವಂತಿಲ್ಲ. ಹಾಗೆ ನೋಡಿದರೆ ಏನಾಗುತ್ತದೆ? ಕಾರ್ಟ್ 1,100, ಕೂಪನ್ 150, ಕನಿಷ್ಠ ಖರೀದಿ 1,000 ಅಂದುಕೊಳ್ಳಿ. ಕೂಪನ್ ಬಿದ್ದೊಡನೆ ಮೊತ್ತ 950 ಆಯಿತು, ಷರತ್ತು ಮುರಿಯಿತು, ಕೂಪನ್ ಹೋಯಿತು. ಮೊತ್ತ ಮತ್ತೆ 1,100, ಕೂಪನ್ ಮತ್ತೆ ಅರ್ಹ. ಪುಟ ರಿಫ್ರೆಶ್ ಮಾಡಿದಂತೆಲ್ಲ ಕೂಪನ್ ಬರುತ್ತದೆ, ಹೋಗುತ್ತದೆ. ಗ್ರಾಹಕರ ಕಣ್ಣಿಗೆ ಅದು ಮೋಸದಂತೆಯೇ ಕಾಣುತ್ತದೆ.

ಉಚಿತ ಸಾಗಣೆಯ ಮಿತಿಯನ್ನೂ (1,000) ಇದೇ ಮೊತ್ತದ ಮೇಲೆ ನೋಡುತ್ತೇವೆ. ಇದಕ್ಕೆ ಕಾರಣ ಒಂದು ಸಣ್ಣ ಲೆಕ್ಕ. ಕಾರ್ಟ್ 1,040, ಕೂಪನ್ 50, ಸಾಗಣೆ ಶುಲ್ಕ 60. ಮಿತಿಯನ್ನು ಕೂಪನ್ ಕಳೆದ ಮೇಲೆ ನೋಡಿದರೆ 990 ಆಗಿ ಉಚಿತ ಸಾಗಣೆ ತಪ್ಪುತ್ತದೆ, ಕಟ್ಟಬೇಕಾದ್ದು 1,050. ಕೂಪನ್ ಹಾಕಿದ್ದಕ್ಕೇ ಗ್ರಾಹಕರು 10 ಹೆಚ್ಚು ಕಟ್ಟಿದ ಹಾಗಾಯಿತು. ಬೇರೆ ಯಾವ ದೋಷ ಬಿಟ್ಟರೂ ಇದನ್ನು ಬಿಡಬಾರದು.

ಸೇಲ್ ವಸ್ತುಗಳಿಗೆ ಕೂಪನ್ ಅನ್ವಯಿಸದಿದ್ದರೆ ಅದರ ಕನಿಷ್ಠ ಖರೀದಿಗೂ ಅವು ಲೆಕ್ಕಕ್ಕಿಲ್ಲ. ಸಾಮಾನ್ಯ ವಸ್ತು 700, ಸೇಲ್ ವಸ್ತು 400 ಇರುವ ಕಾರ್ಟ್‌ನಲ್ಲಿ 1,000 ಮಿತಿಯ ಕೂಪನ್ ಬೀಳುವುದಿಲ್ಲ. ಸಂದೇಶ "ಕೂಪನ್ ಅಮಾನ್ಯ" ಎಂದಿರಕೂಡದು. "ಸೇಲ್ ಅಲ್ಲದ ವಸ್ತುಗಳಲ್ಲಿ ಇನ್ನೂ 300 ಬೇಕು" ಎಂದೇ ಇರಬೇಕು. ಕಾರ್ಟ್ 1,100 ಎಂದು ಕಣ್ಣೆದುರೇ ಕಾಣುತ್ತಿರುವಾಗ ಕಾರಣ ಹೇಳದೆ ನಿರಾಕರಿಸಿದರೆ ಯಾರೂ ನಂಬುವುದಿಲ್ಲ.

ಯಾವುದು ಮೊದಲು

1,200ರ ಮೇಲೆ 10% ಮತ್ತು 150, ಎರಡು ಕೂಪನ್. ಶೇಕಡಾ ಮೊದಲಾದರೆ 1,080, ಆಮೇಲೆ 930. ಇಡಿ ಮೊತ್ತ ಮೊದಲಾದರೆ 1,050, ಆಮೇಲೆ 945. 15ರ ವ್ಯತ್ಯಾಸ ಬಂದದ್ದು 150ರ 10%ನಿಂದ. ಗ್ರಾಹಕರಿಗೆ ಲಾಭವಾಗುವ ಮೊದಲ ಕ್ರಮವೇ ನಮ್ಮದು.

ಎರಡು ಶೇಕಡಾ ಆಫರ್‌ಗಳನ್ನು ಕೂಡಿಸುವಂತಿಲ್ಲ. 20% ಮತ್ತು 10% ಸೇರಿದರೆ 28%, 30% ಅಲ್ಲ. ಎರಡನೆಯದು ಉಳಿದ ಮೊತ್ತದ ಮೇಲೆ ಬೀಳುತ್ತದೆ. ಗರಿಷ್ಠ ಮಿತಿ ಇಲ್ಲದಾಗ ಯಾವುದು ಮೊದಲಾದರೂ ಉತ್ತರ ಒಂದೇ. ಮಿತಿ ಬಂದರೆ ಹಾಗಲ್ಲ: 1,200ರ ಮೇಲೆ "20%, ಗರಿಷ್ಠ 200" ಮೊದಲು ಬಿದ್ದರೆ 1,000, ಅದರ ಮೇಲೆ 10% ಕಳೆದು 900. 10% ಮೊದಲು ಬಿದ್ದರೆ 1,080, ಅದರ 20% ಅಂದರೆ 216, ಮಿತಿಯಿಂದ 200ಕ್ಕೆ ಇಳಿದು 880. ನಮ್ಮಲ್ಲಿ ತಾನಾಗಿ ಬೀಳುವ 10% ಯಾವಾಗಲೂ ಕೂಪನ್‌ಗಿಂತ ಮೊದಲು, ಹಾಗಾಗಿ ಸರಿಯುತ್ತರ 880.

ಯಾರ ಜೊತೆ ಯಾರು

ಎರಡು ಆಫರ್ ಸೇರಬೇಕಾದರೆ ಎರಡೂ ಒಪ್ಪಬೇಕು.

```
can_combine(a, b) = a.allows(b.group) && b.allows(a.group)
```

ಒಂದು ಬದಿ ಮಾತ್ರ ನೋಡುವ ಕೋಡ್‌ನಲ್ಲಿ ಕೂಪನ್ ಟೈಪ್ ಮಾಡಿದ ಕ್ರಮ ಬದಲಾದರೆ ಉತ್ತರವೂ ಬದಲಾಗುತ್ತದೆ. ಹಾಗಾಗಿ ಪ್ರತಿ ಜೋಡಿಯನ್ನೂ ಎರಡೂ ಕ್ರಮದಲ್ಲಿ ಹಾಕಿ ನೋಡಬೇಕು. ಇಡೀ ಪಟ್ಟಿಯಲ್ಲಿ ಅತಿ ಹೆಚ್ಚು ದೋಷ ಹಿಡಿಯುವ ಟೆಸ್ಟ್ ಇದೇ.

ಡಿಕ್ಕಿ ಹೊಡೆಯುವ ಕೋಡ್‌ಗಳು ಬಂದಾಗ ಅನುಮತಿಯಿರುವ ಎಲ್ಲ ಜೋಡಣೆಗಳನ್ನೂ ಪೂರ್ತಿ ಲೆಕ್ಕ ಹಾಕಿ, ಸಾಗಣೆ ಸೇರಿ ಅತಿ ಕಡಿಮೆ `payable` ಬರುವುದನ್ನು ಆರಿಸುತ್ತೇವೆ. ಒಂದು ಕಾರ್ಟ್‌ಗೆ ಐದು ಕೋಡ್‌ವರೆಗೆ ಟೈಪ್ ಮಾಡಬಹುದು. ಅವುಗಳಲ್ಲಿ ಬೀಳುವುದು ಗರಿಷ್ಠ 2, ತಾನಾಗಿ ಬೀಳುವ ಆಫರ್ ಸೇರಿದರೆ ಹೆಚ್ಚೆಂದರೆ 32 ಜೋಡಣೆ, ಸರ್ವರ್‌ಗೆ ಅದೇನೂ ಭಾರವಲ್ಲ. "ದೊಡ್ಡದನ್ನು ಮೊದಲು ಹಾಕು, ಆಮೇಲೆ ಸೇರುವುದನ್ನು ಸೇರಿಸು" ಎನ್ನುವ ಅಡ್ಡದಾರಿ ಬೇಡ. ಒಂಟಿಯಾಗಿಯೇ ಇರಬೇಕಾದ `SOLO180`, ಜೊತೆ ಸೇರುವ `ADD120` ಮತ್ತು `ADD100` ಇದ್ದಾಗ ಆ ದಾರಿ 180ಕ್ಕೆ ನಿಲ್ಲುತ್ತದೆ, ಸಿಗಬೇಕಾದ್ದು 220.

ಸಮ ಬಂದರೆ ಕಡಿಮೆ ಕೂಪನ್ ಖರ್ಚಾಗುವ ಜೋಡಣೆ. ಅಲ್ಲೂ ಸಮವಾದರೆ ಮೊದಲು ಟೈಪ್ ಮಾಡಿದ್ದು. ಸೋತ ಕೋಡ್ ಪಟ್ಟಿಯಿಂದ ಮಾಯವಾಗಬಾರದು, ಕಾರಣದ ಜೊತೆ ಬೂದು ಬಣ್ಣದಲ್ಲಿ ಉಳಿಯಬೇಕು.

ಒಂದು ಕಾರ್ಟ್, ಪೂರ್ತಿ ಲೆಕ್ಕ

ಬ್ಯಾಗ್ 640. ಪುಸ್ತಕ 120ರಂತೆ 3, "2 ಕೊಂಡರೆ 1 ಉಚಿತ". ದೀಪ 450, ಸೇಲ್‌ನಲ್ಲಿ 360. ತಾನಾಗಿ ಬೀಳುವ ಆಫರ್: 1,000 ಅಥವಾ ಅದಕ್ಕಿಂತ ಹೆಚ್ಚಾದರೆ 10%. ಗ್ರಾಹಕರು ಹಾಕಿದ್ದು `FLAT75`: ಕನಿಷ್ಠ 800, ಸೇಲ್ ವಸ್ತುಗಳಿಗಿಲ್ಲ.

```
              ಬ್ಯಾಗ್     ಪುಸ್ತಕ     ದೀಪ       ಒಟ್ಟು
base_total    640.00   240.00   360.00   1240.00
auto 10%      -64.00   -24.00   -36.00   -124.00
FLAT75        -54.55   -20.45     0.00    -75.00
shipping                                    0.00
payable       521.45   195.55   324.00   1041.00
```

ಕೂಪನ್‌ನ ಕನಿಷ್ಠ ಮಿತಿಗೆ ನೋಡಿದ್ದು 640 + 240 = 880, ಅಂದರೆ `base_total`ನ ಅರ್ಹ ಭಾಗ. 75 ಹಂಚಿದ್ದು 576 ಮತ್ತು 216ರ ಅನುಪಾತದಲ್ಲಿ. ನಿಖರ ಪಾಲು 54.5454… ಮತ್ತು 20.4545…, ಎರಡನ್ನೂ ಕೆಳಕ್ಕೆ ಇಳಿಸಿದರೆ ಕೂಡಿ 74.99. ಉಳಿದ 0.01 ಯಾರ ಶೇಷ ದೊಡ್ಡದೋ ಅವರಿಗೆ, ಇಲ್ಲಿ ಬ್ಯಾಗ್‌ಗೆ. ಹೀಗೆ ಮಾಡಿದರೆ ಪಾಲುಗಳ ಮೊತ್ತ ಕೂಪನ್‌ಗೆ ತಪ್ಪದೆ ಹೊಂದುತ್ತದೆ. ಒಂದೊಂದು ಸಾಲನ್ನೂ ತನ್ನಷ್ಟಕ್ಕೆ ರೌಂಡ್ ಮಾಡಿದರೆ ಆ ಖಾತರಿಯಿಲ್ಲ: 100ನ್ನು ಮೂರು ಸಮ ಸಾಲಿಗೆ ಹಂಚಿದರೆ 33.33ರಂತೆ ಮೂರು, ಒಟ್ಟು 99.99.

ರೌಂಡಿಂಗ್ ಸಾಲಿನ ಮಟ್ಟದಲ್ಲಿ ಒಂದೇ ಸಲ, ಅರ್ಧ ಬಂದರೆ ಮೇಲಕ್ಕೆ. 9.95ರ 3 ವಸ್ತುಗಳಿಗೆ 10% ಅಂದರೆ 2.985, ಆಗುವುದು 2.99. ಒಂದೊಂದು ವಸ್ತುವಿಗೆ ರೌಂಡ್ ಮಾಡಿದರೆ 3.00. ಅರ್ಧ ಬಂದಾಗ ಸಮ ಅಂಕಿಗೆ ಇಳಿಸುವ ಲೈಬ್ರರಿಯಲ್ಲಿ 2.98. ಮೂರು ಕಡೆ ಮೂರು ಉತ್ತರ. ಕಾರ್ಟ್ ಪುಟ, ಇನ್‌ವಾಯ್ಸ್, ಪೇಮೆಂಟ್ ಮೂರೂ ಒಂದೇ ಲೆಕ್ಕವನ್ನು ಓದಬೇಕು, ಯಾರೂ ಸ್ವಂತವಾಗಿ ಮರುಲೆಕ್ಕ ಹಾಕಬಾರದು.

ವಾಪಸ್ ಬಂದಾಗ

ರಿಫಂಡ್ ಆ ಸಾಲಿನ `payable`ನಷ್ಟೇ. ಮೇಲಿನ ಕಾರ್ಟ್‌ನಲ್ಲಿ ಬ್ಯಾಗ್ ವಾಪಸ್ ಬಂದರೆ 521.45. ಉಳಿದದ್ದು 1,000ದ ಕೆಳಗೆ ಇಳಿಯಿತೆಂದು 10% ಅನ್ನು ಹಿಂದಕ್ಕೆ ಕಿತ್ತುಕೊಳ್ಳುವುದಿಲ್ಲ. ಮೂರು ಪುಸ್ತಕಗಳ 195.55 ಒಡೆಯುವುದು 65.18, 65.18, 65.19 ಎಂದು. ಕೊನೆಗೆ ವಾಪಸ್ ಬಂದ ಪ್ರತಿಗೆ 65.19.

"ಉಚಿತ" ವಸ್ತುವಿಗೆ ಬೆಲೆ ಸೊನ್ನೆ ಎಂದು ಬರೆಯುವುದು ದೊಡ್ಡ ರಂಧ್ರ. 500, 400, 300ರ ಮೂರು ವಸ್ತುಗಳಲ್ಲಿ 300ರದ್ದು ಉಚಿತವಾಯಿತು ಅನ್ನಿ. ಅದನ್ನು ಸೊನ್ನೆ ಮಾಡಿದರೆ ಮೊದಲೆರಡನ್ನು ಹಿಂದಿರುಗಿಸಿ 900 ಪೂರ್ತಿ ಪಡೆದು, 300ರ ವಸ್ತು ಬಿಟ್ಟಿಯಾಗಿ ಉಳಿಸಿಕೊಳ್ಳಬಹುದು. ಆ 300ನ್ನು ಮೂರಕ್ಕೂ ಹಂಚಿ: 125, 100, 75. ಆಗ ಮೊದಲೆರಡರ ರಿಫಂಡ್ 375 + 300 = 675, ಉಳಿದ ವಸ್ತುವಿಗೆ 225 ಕಟ್ಟಿದಂತಾಗುತ್ತದೆ.

ಟೆಸ್ಟ್‌ಗಳು

ಗಡಿಯಿಂದ ಶುರು ಮಾಡಿ. 1,000 ಮಿತಿಗೆ 999.99, 1,000.00, 1,000.01 ಮೂರನ್ನೂ ಹಾಕಿ, 1,000.00ಕ್ಕೆ ಆಫರ್ ಬೀಳಲೇಬೇಕು. "20%, ಗರಿಷ್ಠ 200" ಕೂಪನ್‌ಗೆ 999.95ರಲ್ಲಿ 199.99, 1,000ದಲ್ಲಿ 200, 1,001ರಲ್ಲೂ 200.

- ಆಫರ್ ಬಿದ್ದ ಮೇಲೆ ಒಂದು ವಸ್ತು ತೆಗೆದು, ಮತ್ತೆ ಸೇರಿಸಿ. ಮೊತ್ತ ಮೊದಲಿನದಕ್ಕೇ ಮರಳಬೇಕು. ಮರಳದಿದ್ದರೆ ಯಾರೋ ಹಳೆಯ ಲೆಕ್ಕಕ್ಕೆ ತೇಪೆ ಹಾಕುತ್ತಿದ್ದಾರೆ, ಮೊದಲಿನಿಂದ ಎಣಿಸುತ್ತಿಲ್ಲ.
- ಐದು ಕೋಡ್‌ಗಳನ್ನು 120 ಕ್ರಮಗಳಲ್ಲಿ ಹಾಕಿ. `payable` ಎಲ್ಲದರಲ್ಲೂ ಒಂದೇ. ಇದನ್ನು ಸ್ಕ್ರಿಪ್ಟ್‌ನಲ್ಲೇ ಓಡಿಸಿ, ಕೈಯಲ್ಲಿ ಬೇಡ.
- `FLAT75`, `flat75`, ಹಿಂದೆ ಮುಂದೆ ಖಾಲಿ ಜಾಗವಿರುವ `FLAT75`: ಮೂರೂ ಸೇರಿ ಒಂದೇ ಕೂಪನ್, ಕಡಿತ 75 ಮಾತ್ರ.
- 120ರ ಕಾರ್ಟ್‌ಗೆ ಕನಿಷ್ಠ ಮಿತಿಯಿಲ್ಲದ 150ರ ಕೂಪನ್. ವಸ್ತುಗಳ ಮೊತ್ತ 0, ಋಣವಲ್ಲ. ಉಳಿದ 30 ಸಾಗಣೆಗೆ ಹರಿಯುವುದಿಲ್ಲ. ಇದರ ಜೊತೆಗೆ ಉಚಿತ ಸಾಗಣೆಯ ಕೋಡ್ ಹಾಕಿದರೆ `payable` 0.00 ಆಗುತ್ತದೆ, ಆಗ ಪೇಮೆಂಟ್ ಗೇಟ್‌ವೇಗೆ ಹೋಗದೆ ಆರ್ಡರ್ ಮುಗಿಯಬೇಕು.
- ಕಾರ್ಟ್‌ನಲ್ಲಿ ಕೊಳ್ಳಲು ಇಟ್ಟ ಗಿಫ್ಟ್ ಕಾರ್ಡ್: ಯಾವ ಕನಿಷ್ಠ ಮಿತಿಗೂ ಲೆಕ್ಕವಿಲ್ಲ, ಯಾವ ರಿಯಾಯಿತಿಯೂ ಇಲ್ಲ. ಪಾವತಿಗೆ ಬಳಸಿದ ಗಿಫ್ಟ್ ಕಾರ್ಡ್ ರಿಯಾಯಿತಿ ಅಲ್ಲವೇ ಅಲ್ಲ, ಅದು ಹಣ.

ಸಮಯದ ಟೆಸ್ಟ್‌ಗೆ ಸ್ವಲ್ಪ ತಾಳ್ಮೆ ಬೇಕು. ಆರಂಭದ ಕ್ಷಣ ಆಫರ್‌ನೊಳಗೆ, ಮುಗಿಯುವ ಕ್ಷಣ ಹೊರಗೆ: 00:00:00ಕ್ಕೆ ಮುಗಿಯುವ ಕೂಪನ್ 23:59:59ಕ್ಕೆ ಸಿಗಬೇಕು, 00:00:00ಕ್ಕೆ ಸಿಗಬಾರದು. ನೋಡುವುದು ಸರ್ವರ್ ಗಡಿಯಾರವನ್ನು, ಆರ್ಡರ್ ಗುಂಡಿ ಒತ್ತಿದ ಹೊತ್ತಿನಲ್ಲಿ. ಫೋನಿನ ಸಮಯವನ್ನು ಹಿಂದಕ್ಕೆ ತಿರುಗಿಸಿಯೂ ಪ್ರಯತ್ನಿಸಿ. ಕಾರ್ಟ್‌ನಲ್ಲಿದ್ದಾಗ ಅವಧಿ ಮುಗಿದಿದ್ದರೆ ಹೊಸ ಮೊತ್ತ ತೋರಿಸಿ ಮತ್ತೆ ಒಪ್ಪಿಗೆ ಕೇಳಬೇಕು. ಸದ್ದಿಲ್ಲದೆ ಹೆಚ್ಚಿನ ಮೊತ್ತ ಕಡಿತವಾದರೆ ಬಿಡುಗಡೆ ನಿಲ್ಲಿಸಿ.

ಒಮ್ಮೆ ಮಾತ್ರ ಬಳಸುವ ಕೂಪನ್ ಹಿಡಿದು ಎರಡು ಟ್ಯಾಬ್‌ಗಳಲ್ಲಿ ಒಟ್ಟಿಗೇ ಆರ್ಡರ್ ಒತ್ತಿ. ಒಂದಕ್ಕೆ ಮಾತ್ರ ಸಿಗಬೇಕು. "ಬಳಕೆಯಾಗಿದೆಯೇ" ಎಂದು ಓದಿ ಆಮೇಲೆ ಬರೆಯುವ ಕೋಡ್ ಇಲ್ಲಿ ಸೋಲುತ್ತದೆ. ಓದುವುದೂ ಬರೆಯುವುದೂ ಡೇಟಾಬೇಸ್‌ನಲ್ಲಿ ಒಂದೇ ಹೆಜ್ಜೆಯಾಗಿರಬೇಕು. ಆರ್ಡರ್ ಒತ್ತಿದಾಗ ಕೂಪನ್ ಕಾಯ್ದಿರಿಸಿ, ಪಾವತಿ ಸೋತರೆ ತಕ್ಷಣ, ಉತ್ತರವೇ ಬರದಿದ್ದರೆ 15 ನಿಮಿಷಕ್ಕೆ ಬಿಡುಗಡೆ ಮಾಡುತ್ತೇವೆ. 16ನೇ ನಿಮಿಷಕ್ಕೆ ತಡವಾಗಿ ಬಂದ "ಪಾವತಿ ಯಶಸ್ವಿ" ಸಂದೇಶವನ್ನೂ ಕಳಿಸಿ ನೋಡಿ: ಅಷ್ಟರಲ್ಲಿ ಕೂಪನ್ ಬೇರೆ ಆರ್ಡರ್‌ಗೆ ಹೋಗಿದ್ದರೂ ಹಣ ಕಟ್ಟಿದವರ ಆರ್ಡರ್ ಅದೇ ಮೊತ್ತದಲ್ಲಿ ನಿಲ್ಲಬೇಕು, ಹೆಚ್ಚುವರಿ ಬಳಕೆ ಲಾಗ್‌ನಲ್ಲಿ ದಾಖಲಾಗಬೇಕು.