ಒಂದು ಅಂಕದಿಂದ ಫೈನಲ್ ಸೋತ ನಮ್ಮ ದುರ್ಗದ ಕಬಡ್ಡಿ ಆಟಗಾರ್ತಿಯರಿಗೆ

ದಾವಣಗೆರೆಯಲ್ಲಿ ಭಾನುವಾರ ಸಂಜೆ ನಡೆದ ಮಹಿಳೆಯರ ಕಬಡ್ಡಿ ಫೈನಲ್‌ನಲ್ಲಿ ಆತಿಥೇಯ ತಂಡದ ಎದುರು 30–31ರಿಂದ ಸೋತ ಚಿತ್ರದುರ್ಗದ ಆಟಗಾರ್ತಿಯರಿಗೂ ಅವರ ತರಬೇತುದಾರರಿಗೂ ನಮಸ್ಕಾರಗಳು. ಸೋತರೂ ಗೆದ್ದಂತೆಯೇ ಎಂದು ನಾನು ಬರೆಯುವುದಿಲ್ಲ. ಕಪ್ ಅವರ ಪಾಲಾಯಿತು, ನಿಮಗೆ ಎರಡನೆಯ ಸ್ಥಾನ ಬಂತು, ಆ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದು ಅಂಕಣದಲ್ಲಿದ್ದ ನಿಮಗೆ ಗ್ಯಾಲರಿಯಲ್ಲಿ ಕುಳಿತಿದ್ದ ನನಗಿಂತ ಚೆನ್ನಾಗಿ ಗೊತ್ತು. ಆದರೆ ಪಂದ್ಯ ಮುಗಿಸಿಕೊಂಡು ಹಿಂದಿರುಗುವ ಬಸ್ಸಿನಲ್ಲಿ ಭರಮಸಾಗರ ದಾಟುವವರೆಗೂ ಒಂದೇ ವಾದ ನಡೆದಿತ್ತು: ಕೊನೆಯ ರೈಡಿಗೆ ಹೋದವರು ಬೋನಸ್ಸಿಗೆ ಕಾಲು ಹಾಕುವ ಬದಲು ಯಾರನ್ನಾದರೂ ಮುಟ್ಟಿ ಬರಬೇಕಿತ್ತು ಎಂಬುದು. ಮಣ್ಣಿನ ಅಂಕಣದಲ್ಲಿ ಆಡಿ, ಆಮೇಲೆ ಸೀಟಿ ಹಿಡಿದು ತೀರ್ಪುಗಾರನಾಗಿಯೂ ಕೆಲಸ ಮಾಡಿದ ನನಗೆ ಆ ವಾದ ಸರಿ ಕಾಣಲಿಲ್ಲ. ಏಕೆಂದು ವಿವರಿಸುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಆ ರೈಡ್ ಆರಂಭವಾದಾಗ ಎದುರಾಳಿ ಅಂಕಣದಲ್ಲಿ ಆರು ಮಂದಿ ಇದ್ದರು, ಅಂದರೆ ಬೋನಸ್ ಲಭ್ಯವಿತ್ತು. ಐವರೇ ಇದ್ದಿದ್ದರೆ ಆ ದಾರಿಯೇ ಇರುತ್ತಿರಲಿಲ್ಲ. ಮುನ್ನಡೆ ಕಾಯ್ದುಕೊಂಡರೆ ಸಾಕಾಗಿದ್ದ ದಾವಣಗೆರೆಯವರು ಜಾಣತನದಿಂದ ಆಡಿದರು: ಎರಡೂ ಕಾರ್ನರ್‌ಗಳು ಎಂಡ್ ಲೈನಿನವರೆಗೆ ಹಿಂದೆ ಸರಿದು ನಿಂತವು, ಕವರ್‌ಗಳು ಆಮಿಷಕ್ಕೆ ಬೀಳಲಿಲ್ಲ, ಒಬ್ಬರೂ ಕೈ ಮುಂದೆ ಮಾಡಲಿಲ್ಲ. ಹಾಗೆ ನಿಂತವರನ್ನು ಮುಟ್ಟಬೇಕಾದರೆ ರೈಡರ್ ಬೋನಸ್ ಗೆರೆಯನ್ನೂ ದಾಟಿ ಒಳಗೆ ಇಳಿಯಬೇಕು, ಇಳಿದ ಮೇಲೆ ಆರು ಮಂದಿಯ ನಡುವಿನಿಂದ ನಾಲ್ಕು ಮೀಟರಿಗೂ ಹೆಚ್ಚು ದೂರ ಮಧ್ಯರೇಖೆಗೆ ಮರಳಬೇಕು. ಬೋನಸ್ಸಿಗೆ ಪ್ರಯತ್ನಿಸಿದರೆ ಒಂದು ಅಂಕ ಬಂದು ಪಂದ್ಯ ಸಮವಾಗುತ್ತಿತ್ತು. ಇಟ್ಟ ಕಾಲಿಗೆ ಕಾರ್ನರ್ ಎಗರಿದ್ದರೆ ಮುಟ್ಟುವ ಅವಕಾಶವೂ ಅಲ್ಲೇ ಹುಟ್ಟಿ ಪಂದ್ಯವೇ ನಿಮ್ಮದಾಗುತ್ತಿತ್ತು. ಮೂವತ್ತು ಸೆಕೆಂಡಿನೊಳಗೆ, ಅಷ್ಟು ಗದ್ದಲದ ನಡುವೆ, ಇವೆರಡನ್ನೂ ತೂಗಿ ನೋಡಿ ಆರಿಸಿದ ದಾರಿ ಅದು. ಮುಂದಿನ ಕಾಲು ಗೆರೆ ದಾಟಿದಾಗ ಹಿಂದಿನ ಕಾಲಿನ ತುದಿ ಮ್ಯಾಟನ್ನು ಬಿಟ್ಟಿರಲಿಲ್ಲ ಎಂದು ಅಂಪೈರ್ ಅಂಕ ನಿರಾಕರಿಸಿದರು. ನಾನು ಕುಳಿತಲ್ಲಿಂದ ಆ ಕಾಲು ಕಾಣುತ್ತಿರಲಿಲ್ಲ, ಗೆರೆಯ ಪಕ್ಕದಲ್ಲೇ ನಿಂತಿದ್ದ ಅವರಿಗೆ ಕಾಣುತ್ತಿತ್ತು. ಆದ್ದರಿಂದ ಆ ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ನಿರ್ಧಾರ ಸರಿಯಿತ್ತು, ಕಾಲು ಮೇಲೇಳುವುದು ಒಂದು ಕ್ಷಣ ತಡವಾಯಿತು. ಆ ಆಟಗಾರ್ತಿ ಮುಂದೆ ಅಂಥದ್ದೇ ಸಂದರ್ಭ ಬಂದಾಗ ಹಿಂಜರಿಯದೆ ಮತ್ತೆ ಅದೇ ದಾರಿ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಅಂಕದ ಲೆಕ್ಕವನ್ನೇ ಹುಡುಕುವುದಾದರೆ ಅದು ಕೊನೆಯ ರೈಡಿನಲ್ಲಿ ಮಾತ್ರ ಸಿಗುವುದಿಲ್ಲ. ಮೊದಲಾರ್ಧದ ಆರಂಭದಲ್ಲೇ ನಿಮ್ಮ ಏಳೂ ಮಂದಿ ಅಂಕಣದಲ್ಲಿದ್ದಾಗ ಬಲಗಡೆಯಿಂದ ಬೆನ್ನುಬೆನ್ನಿಗೆ ಮೂರು ಬೋನಸ್ ಹೋದವು. ಕಾರ್ನರ್ ಮತ್ತು ಪಕ್ಕದವರ ನಡುವಿನ ಚೈನ್ ತುಂಬ ಮುಂದಕ್ಕೆ ಬಂದುಬಿಡುತ್ತಿತ್ತು, ಅದನ್ನು ಎದುರಾಳಿ ರೈಡರ್ ಮೊದಲ ರೈಡಿನಲ್ಲೇ ಗಮನಿಸಿದ್ದರು. ಆ ಅವಧಿಯಲ್ಲಿ ಆಲ್ ಔಟ್ ಆದದ್ದರಿಂದ ಲೋನಾದ ಎರಡು ಅಂಕ ಹೋದವು. ದ್ವಿತೀಯಾರ್ಧದಲ್ಲಿ ಯಾರನ್ನೂ ಮುಟ್ಟುವ ಮೊದಲೇ ಲಾಬಿಗೆ ಕಾಲಿಟ್ಟು ಒಂದು ಅಂಕ ಕಳೆದುಕೊಂಡಿರಿ. ಇವನ್ನು ಆರೋಪವಾಗಿ ಪಟ್ಟಿ ಮಾಡುತ್ತಿಲ್ಲ. ನಿಮ್ಮ ತರಬೇತುದಾರರ ಪುಸ್ತಕದಲ್ಲಿ ಇವೆಲ್ಲ ಆಗಲೇ ಬರೆದಿರುತ್ತವೆ. ಇಷ್ಟು ಕಡೆ ಹಂಚಿಹೋದ ಸೋಲನ್ನು ಒಬ್ಬರ ತಲೆಗೆ ಕಟ್ಟುವುದು ಆಟ ನೋಡಿದವರು ಮಾಡುವ ಕೆಲಸವಲ್ಲ ಎಂಬುದಷ್ಟೇ ನನ್ನ ಮಾತು.

ವಿರಾಮದ ಹೊತ್ತಿಗೆ 12–19 ಇತ್ತು. ಏಳು ಅಂಕ ಹಿಂದಿದ್ದ ತಂಡ ಮುಂದಿನ ಹದಿನೈದು ನಿಮಿಷಗಳಲ್ಲಿ ಹದಿನೆಂಟು ಗಳಿಸಿ ಹನ್ನೆರಡನ್ನಷ್ಟೇ ಬಿಟ್ಟುಕೊಟ್ಟದ್ದನ್ನು ‘ಒಳ್ಳೆಯ ಹೋರಾಟ’ ಎಂಬ ಎರಡು ಪದಗಳಲ್ಲಿ ಮುಗಿಸಲು ನನಗೆ ಮನಸ್ಸಿಲ್ಲ. ಮುಖ್ಯವಾಗಿ ಆ ಸೂಪರ್ ಟ್ಯಾಕಲ್. ನಿಮ್ಮಲ್ಲಿ ಇಬ್ಬರೇ ಉಳಿದಿದ್ದಿರಿ, ಬಂದವರು ಅವರ ಮುಖ್ಯ ರೈಡರ್. ನಾಯಕಿ ಆತುರಪಡದೆ ಹಿಂದೆ ಹಿಂದೆ ಸರಿದು, ಎಂಡ್ ಲೈನಿಗೆ ಒಂದೇ ಹೆಜ್ಜೆ ಇದ್ದಾಗಲೂ ಕಾದು, ರೈಡರ್ ಮರಳಲೆಂದು ಸೊಂಟ ತಿರುಗಿಸಿದ ಕ್ಷಣದಲ್ಲಿ ಆಂಕಲ್ ಹಿಡಿದರು. ಹಿಡಿತ ಜಾರುವಷ್ಟರಲ್ಲಿ ಜೊತೆಯವರು ಮಧ್ಯರೇಖೆಯ ಕಡೆಯಿಂದ ಅಡ್ಡ ಬಂದು ದಾರಿ ಕಟ್ಟಿದರು. ರೈಡರ್ ತಪ್ಪಿಸಿಕೊಂಡಿದ್ದರೆ ನಿಮ್ಮ ಇಬ್ಬರೂ ಔಟಾಗಿ ಲೋನಾ ಸೇರಿ ನಾಲ್ಕು ಅಂಕ ಹೋಗುತ್ತಿತ್ತು. ಅದರ ಬದಲು ನಿಮಗೆ ಎರಡು ಬಂತು. ಪಂದ್ಯ ಕೊನೆಯ ರೈಡಿನವರೆಗೆ ಉಳಿದದ್ದು ಅಲ್ಲಿಂದಲೇ. ಕಾಯುವ ಆ ತಾಳ್ಮೆ ಅದೃಷ್ಟದಿಂದ ಬರುವಂಥದ್ದಲ್ಲ.

ಇಲ್ಲಿ ಒಂದು ಮಾತು. ದುರ್ಗದ ಹೆಣ್ಣುಮಕ್ಕಳು ಎಲ್ಲಿ ಆಡಿದರೂ ವೇದಿಕೆಯ ಮೇಲಿನವರು ಒನಕೆ ಓಬವ್ವನ ಹೆಸರು ಎತ್ತದೆ ಭಾಷಣ ಮುಗಿಸುವುದಿಲ್ಲ, ಭಾನುವಾರವೂ ಎತ್ತಿದರು. ಓಬವ್ವನ ಮೇಲೆ ನನಗಿರುವ ಗೌರವ ಯಾರಿಗಿಂತಲೂ ಕಡಿಮೆಯಿಲ್ಲ, ಆದರೆ ನೀವು ಆಡಿದ ಆಟವನ್ನು ಆಟವಾಗಿಯೇ ನೋಡಿ ಮಾತನಾಡುವವರು ಬೇಕು ಎಂದು ನನಗೆ ಅನ್ನಿಸಿತು.

ಅಂತರರಾಷ್ಟ್ರೀಯ ಮಟ್ಟದಲ್ಲೂ ಇಂಥ ಫೈನಲ್‌ಗಳು ನಡೆದಿವೆ. 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳಾ ತಂಡ ಇರಾನಿಗೆ 24–27ರಿಂದ ಸೋತು ಚಿನ್ನ ಕಳೆದುಕೊಂಡಿತ್ತು. 2023ರಲ್ಲಿ ಹಾಂಗ್‌ಝೌನಲ್ಲಿ ಅದನ್ನು ಮರಳಿ ಪಡೆದದ್ದು ಚೈನೀಸ್ ತೈಪೆ ವಿರುದ್ಧ 26–25ರಿಂದ, ಅಂದರೆ ಒಂದೇ ಅಂಕದಿಂದ; ಅದೇ ತಂಡದ ಜೊತೆ ಲೀಗ್ ಹಂತದಲ್ಲಿ ಭಾರತ 34–34ರಲ್ಲಿ ಸಮ ಮಾಡಿಕೊಂಡಿತ್ತು. ಆ ಫೈನಲ್ ನೋಡಿದ ಯಾರೂ ತೈಪೆಯ ಆಟಗಾರ್ತಿಯರನ್ನು ಕರುಣೆಯಿಂದ ನೋಡಲಿಲ್ಲ, ಮುಂದಿನ ಸಲ ಇವರ ಎದುರು ಹುಷಾರಾಗಿ ಆಡಬೇಕು ಎಂದುಕೊಂಡರು. ದಾವಣಗೆರೆಯ ತಂಡದವರು ನಿಮ್ಮ ಕೈಕುಲುಕಿದಾಗ ಅವರ ಮುಖದಲ್ಲಿ ನನಗೆ ಕಂಡದ್ದೂ ಅದೇ.

ನಿಮ್ಮಲ್ಲಿ ಹೆಚ್ಚಿನವರು ಚಳ್ಳಕೆರೆ, ಹೊಳಲ್ಕೆರೆ, ಹೊಸದುರ್ಗದ ಕಡೆಯವರು, ವರ್ಷವಿಡೀ ಬರಿಗಾಲಿನಲ್ಲಿ ಮಣ್ಣಿನಲ್ಲಿ ಆಡುವವರು. ಮಣ್ಣಿನಲ್ಲಿ ಹಿಂದಿನ ಕಾಲು ಸುಲಭವಾಗಿ ಜಾರಿ ಮೇಲೇಳುತ್ತದೆ; ಮ್ಯಾಟಿನ ಮೇಲೆ ಬೂಟು ಕಚ್ಚಿ ಹಿಡಿಯುವುದರಿಂದ ಕಾಲನ್ನು ಬೇಕೆಂದೇ ಎತ್ತಬೇಕಾಗುತ್ತದೆ. ಕೊನೆಯ ರೈಡಿನ ಆ ಒಂದು ಕ್ಷಣದ ತಡಕ್ಕೆ ಇದೂ ಕಾರಣವಿರಬಹುದು ಎಂಬುದು ನನ್ನ ಊಹೆ. ಇದನ್ನು ನೆಪವಾಗಿ ಹೇಳುತ್ತಿಲ್ಲ, ಸರಿಪಡಿಸಬಹುದಾದ ಸಂಗತಿಯೆಂದು ಹೇಳುತ್ತಿದ್ದೇನೆ. ವಾರಕ್ಕೆ ಎರಡು ಸಂಜೆಯಾದರೂ ನಿಮಗೆ ಮ್ಯಾಟ್ ಸಿಗುವಂತೆ ಮಾಡಬೇಕೆಂದು ಜಿಲ್ಲಾ ಕ್ರೀಡಾ ಇಲಾಖೆಗೆ ಬರೆಯುವ ಮನವಿಗೆ ನಮ್ಮ ಕಾಲದ ಹಳೆಯ ಆಟಗಾರರು ಸಹಿ ಹಾಕಲು ಒಪ್ಪಿದ್ದಾರೆ. ಕರಡು ಸಿದ್ಧವಿದೆ, ನಿಮ್ಮ ತರಬೇತುದಾರರು ಓದಿ ತಿದ್ದಿದ ಮೇಲೆ ಕೊಡುತ್ತೇವೆ. ಅಭ್ಯಾಸ ಪಂದ್ಯಗಳಿಗೆ ಬೋನಸ್ ಗೆರೆಯ ಪಕ್ಕ ನಿಂತು ಹಿಂದಿನ ಕಾಲನ್ನೇ ಗಮನಿಸುವ ಒಬ್ಬ ಅಂಪೈರ್ ಬೇಕೆನಿಸಿದರೆ ಶನಿವಾರ ಮತ್ತು ಭಾನುವಾರದ ಸಂಜೆಗಳಲ್ಲಿ ನಾನು ಬರಬಲ್ಲೆ. ತಪ್ಪಿದ ಬೋನಸ್ಸಿಗೆ ನಾನೂ ಅಂಕ ಕೊಡುವವನಲ್ಲ.