ನಿಮ್ಮ ತಾಯಿಯವರ ಸೋಬಾನೆ ಪದಗಳ ಪುಸ್ತಕದಲ್ಲಿ ನಮ್ಮಿಂದಾದ ತಪ್ಪಿನ ಬಗ್ಗೆ

ಮಾನ್ಯ ಮೇಡಂ ಅವರಿಗೆ,

ನಮಸ್ಕಾರ. ನಿನ್ನೆ ರಾತ್ರಿ ನೀವು ಕಳಿಸಿದ ಸಂದೇಶ ಓದಿದ ಮೇಲೆ ಪುಸ್ತಕ ತೆಗೆದು ನೋಡಿದೆ. ಅರ್ಪಣೆಯ ಪುಟದಲ್ಲಿ ‘ಅಮ್ಮನ ಕೊರಳಿಗೆ’ ಎಂದು ಇರಬೇಕಾದ ಕಡೆ ‘ಅಮ್‌ಮನ ಕೊರಳಿಗೆ’ ಎಂದು ಅಚ್ಚಾಗಿದೆ. ಮುನ್ನುಡಿಯಲ್ಲಿ ‘ಅಜ್ಜಿ’ ಎಂಬ ಮಾತು ಬಂದಲ್ಲೆಲ್ಲ ‘ಅಜ್‌ಜಿ’ ಆಗಿದೆ. ಮೊದಲ 16 ಪುಟಗಳಲ್ಲಿ ಒಂದೂ ಒತ್ತಕ್ಷರ ನೆಟ್ಟಗಿಲ್ಲ. ನಾಲ್ಕು ವರ್ಷ ಊರೂರು ತಿರುಗಿ ತಾಯಿಯವರ ಪದಗಳನ್ನು ಕೂಡಿಸಿ ತಂದ ನಿಮ್ಮ ಕೈಗೆ ನಾವು ಇಂಥ ಪುಸ್ತಕ ಕೊಟ್ಟಿದ್ದೇವೆ. ತಪ್ಪಾಯಿತು ಮೇಡಂ, ಕ್ಷಮಿಸಿ.

22 ಪ್ರತಿ ಆಗಲೇ ನೆಂಟರಿಗೆ, ಜೊತೆಯಲ್ಲಿ ಪಾಠ ಮಾಡಿದವರಿಗೆ ಹೋಗಿವೆ ಎಂದು ಬರೆದಿದ್ದೀರಿ. ‘ಕನ್ನಡ ಮೇಡಂ ಪುಸ್ತಕದಲ್ಲೇ ಕನ್ನಡ ಹೀಗಾ’ ಎಂದು ಒಬ್ಬರು ಫೋನ್ ಮಾಡಿ ಕೇಳಿದರಂತೆ. ನಮ್ಮ ತಪ್ಪಿಗೆ ಆ ಮಾತು ನೀವು ಕೇಳಬೇಕಾಯಿತು. ಭಾನುವಾರ ಊರಿನಲ್ಲಿ ತಾಯಿಯವರ ನೆನಪಿನ ಕಾರ್ಯಕ್ರಮ ಇಟ್ಟುಕೊಂಡು ಈ ವಾರ ನೀವು ಇದಕ್ಕಾಗಿ ನೋಯುವಂತಾಯಿತು.

ಇನ್ನೊಂದು ಮಾತು. ನಿನ್ನೆ ಮಧ್ಯಾಹ್ನ ನೀವು ಫೋನ್ ಮಾಡಿದಾಗ ನಮ್ಮ ಹುಡುಗ ‘ಪ್ರೂಫ್ ನೋಡಿ ಒಪ್ಪಿದ್ದಿರಲ್ಲ’ ಎಂದನಂತೆ. ಆ ಉತ್ತರ ತಪ್ಪು. ನೀವು ಮೂರು ವಾರದ ಹಿಂದೆ ನೋಡಿ ಸಹಿ ಹಾಕಿದ ಪ್ರೂಫ್ ನನ್ನ ಮೇಜಿನ ಮೇಲೇ ಇದೆ, ಅದರಲ್ಲಿ ಪ್ರತಿಯೊಂದು ಒತ್ತೂ ಸರಿಯಾಗಿದೆ. ನಿಮ್ಮ ಕಡೆಯಿಂದ ಯಾವ ಲೋಪವೂ ಆಗಿಲ್ಲ.

ಹೇಗಾಯಿತು ಎಂದು ನೀವು ಕೇಳಿದ್ದೀರಿ. ಕೃತಜ್ಞತೆಯ ಪುಟಕ್ಕೆ ಪದ ಹೇಳಿಕೊಟ್ಟ ಇಬ್ಬರ ಹೆಸರು ಸೇರಿಸಲು ಹೇಳಿದ್ದಿರಿ, ಅದು ಸೇರಲೇಬೇಕಾದದ್ದು. ಅದಕ್ಕಾಗಿ ಮೊದಲ ಫಾರಂನ 16 ಪುಟಗಳನ್ನು ನಮ್ಮಲ್ಲಿ ಇನ್ನೊಂದು ಕಂಪ್ಯೂಟರಿನಲ್ಲಿ ಹೊಸ ಫೈಲಿಗೆ ಹಾಕಿದರು. ಪುಟ ಕಟ್ಟುವ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂಡಿಕೊಳ್ಳಬೇಕಾದರೆ Adobe World-Ready Paragraph Composer ಎಂಬ ಆಯ್ಕೆ ಇರಬೇಕು. ಹೊಸ ಫೈಲಿನಲ್ಲಿ ಅದು ಇರಲಿಲ್ಲ. ಹಾಗಾಗಿ ಅಕ್ಷರದ ಕೆಳಗೆ ಕೂರಬೇಕಾದ ಒತ್ತು ಬಿಡಿಸಿಕೊಂಡು ಪಕ್ಕಕ್ಕೆ ಬಂತು. ಆಗ ಆ ಪುಟಗಳನ್ನು ನಿಮಗೆ ಮತ್ತೊಮ್ಮೆ ತೋರಿಸಬೇಕಿತ್ತು. ತೋರಿಸದೆ ಅದೇ ರಾತ್ರಿ ಪ್ಲೇಟ್ ಮಾಡಿಸಿದೆವು. ಮಷಿನ್ನಿನಲ್ಲಾಗಲಿ ಬೈಂಡಿಂಗಿನಲ್ಲಾಗಲಿ ಯಾರೂ ನಿಂತು ಒಂದು ಸಾಲು ಓದಲಿಲ್ಲ. ಪ್ಲೇಟಿಗೆ ಹೋಗಲಿ ಎಂದವನು ನಾನೇ.

ಉಳಿದ 128 ಪುಟಗಳನ್ನು ರಾತ್ರಿಯೇ ಕೂತು ಓದಿದೆ. ಅವುಗಳಲ್ಲಿ ಈ ದೋಷ ಇಲ್ಲ. ಆದರೂ ಮೊದಲ ಫಾರಂ ಮಾತ್ರ ಬದಲಾಯಿಸುವುದು ನನಗೆ ಒಪ್ಪಿಗೆಯಾಗುತ್ತಿಲ್ಲ. ಗಮ್ ಬೈಂಡಿಂಗ್ ಬಿಚ್ಚಿ, ಬೆನ್ನು ಕತ್ತರಿಸಿ ಮತ್ತೆ ಅಂಟಿಸಿದರೆ ಒಳಗಿನ ಅಂಚು ಕಿರಿದಾಗಿ ಪದದ ಸಾಲುಗಳು ಮಡಿಕೆಯೊಳಗೆ ಹೋಗುತ್ತವೆ. ಆದ್ದರಿಂದ 500 ಪ್ರತಿಗಳನ್ನೂ ನಮ್ಮ ಖರ್ಚಿನಲ್ಲಿ ಹೊಸದಾಗಿ ಮಾಡಿಕೊಡುತ್ತೇವೆ.

ನಾಳೆ ಬುಧವಾರ ಬೆಳಿಗ್ಗೆ ಹತ್ತಕ್ಕೆ 16 ಪುಟಗಳ ಪ್ರೂಫನ್ನು ಕಾಗದದ ಮೇಲೆ ನಾನೇ ನಿಮ್ಮ ಮನೆಗೆ ತರುತ್ತೇನೆ. ಪುಟಪುಟಕ್ಕೂ ನಿಮ್ಮ ಸಹಿಯಾಗದೆ ಕೆಲಸ ಮುಂದೆ ಹೋಗುವುದಿಲ್ಲ. ಭಾನುವಾರಕ್ಕೆ ಬೇಕಾದ 150 ಪ್ರತಿಗಳನ್ನು ಡಿಜಿಟಲ್ ಮುದ್ರಣದಲ್ಲಿ ಮಾಡಿಸಿ ಶುಕ್ರವಾರ ಸಂಜೆಯೊಳಗೆ ತಲುಪಿಸುತ್ತೇವೆ. ಅವುಗಳ ಕಾಗದ ಆಫ್‌ಸೆಟ್ ಪ್ರತಿಗಿಂತ ತುಸು ಬಿಳುಪಾಗಿ, ದಪ್ಪವಾಗಿ ಕಾಣುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದ 350 ಪ್ರತಿ ಮುಂದಿನ ವಾರದ ಶನಿವಾರ ಬರುತ್ತವೆ.

ಈಗಾಗಲೇ ಹಂಚಿರುವ 22 ಪ್ರತಿಗಳಿಗೆ ಬದಲಿ ಪ್ರತಿಗಳನ್ನು ಬೇರೆಯಾಗಿ ಮಾಡಿಸುತ್ತೇವೆ. ವಿಳಾಸ ಕೊಟ್ಟರೆ ನಮ್ಮ ಕಡೆಯಿಂದಲೇ ಕೊರಿಯರ್ ಮಾಡುತ್ತೇವೆ, ಜೊತೆಗೆ ‘ಮೊದಲ ಪ್ರತಿಯ ಅಕ್ಷರದೋಷ ಮುದ್ರಣಾಲಯದ್ದು, ಲೇಖಕಿಯದಲ್ಲ’ ಎಂದು ನಾನು ಸಹಿ ಮಾಡಿದ ಚೀಟಿ ಇಡುತ್ತೇನೆ. ನಿಮ್ಮಲ್ಲಿರುವ ಹಳೆಯ ಕಟ್ಟುಗಳನ್ನು ನಾಳೆಯೇ ವಾಪಸು ತಂದು, ಕತ್ತರಿಸಿ ರದ್ದಿಗೆ ಹಾಕುತ್ತೇವೆ.

ಬಾಕಿ 21,000 ರೂಪಾಯಿಯನ್ನು 500 ಪ್ರತಿಯೂ ಬಂದು, ನೀವು ನೋಡಿ ಸರಿಯಿದೆ ಎಂದ ಮೇಲೆ ಕೊಟ್ಟರೆ ಸಾಕು. ಇಷ್ಟಾದ ಮೇಲೆ ನಮ್ಮಲ್ಲಿ ಕೆಲಸ ಮಾಡಿಸುವುದೇ ಬೇಡ ಎಂದು ನಿಮಗೆ ಅನ್ನಿಸಿದ್ದರೆ ಅದೂ ಸರಿಯೇ. ನೀವು ಕೊಟ್ಟ ಮುಂಗಡ 25,000 ರೂಪಾಯಿಯನ್ನು ಪೂರ್ತಿ ವಾಪಸು ಮಾಡಿ, ಸರಿಪಡಿಸಿದ ಫೈಲನ್ನೂ ಕೊಡುತ್ತೇನೆ, ಬೇರೆ ಕಡೆ ಮಾಡಿಸಬಹುದು.

ಯಾವುದು ಬೇಕೆಂದು ಇವತ್ತು ಸಂಜೆ ಐದರೊಳಗೆ ತಿಳಿಸಿದರೆ ಶುಕ್ರವಾರದ ಲೆಕ್ಕ ತಪ್ಪುವುದಿಲ್ಲ. ನಾಲ್ಕಕ್ಕೆ ನಾನೇ ಫೋನ್ ಮಾಡುತ್ತೇನೆ. ಮಾತಾಡಲು ಮನಸ್ಸಿಲ್ಲದಿದ್ದರೆ ಒಂದು ಸಾಲಿನ ಮೆಸೇಜ್ ಸಾಕು.

ಇಂತಿ ನಿಮ್ಮ ವಿಧೇಯ,
ಮುದ್ರಣಾಲಯದ ಮಾಲೀಕ, ಮೈಸೂರು
ಮಂಗಳವಾರ, ಬೆಳಿಗ್ಗೆ 8 ಗಂಟೆ