ಎರಡನೇ ವಿಮರ್ಶಕರ ಟಿಪ್ಪಣಿಗೆ ಉತ್ತರ

ಮಾನ್ಯ ಸಂಪಾದಕರಿಗೆ ಮತ್ತು ಇಬ್ಬರೂ ವಿಮರ್ಶಕರಿಗೆ,

ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರೆ ಮಕ್ಕಳ ಗ್ರಹಿಕೆ ಹೆಚ್ಚುತ್ತದೆಯೇ ಎಂಬ ನನ್ನ ಪ್ರಬಂಧವನ್ನು ಇಷ್ಟು ಗಮನಕೊಟ್ಟು ಓದಿದ್ದಕ್ಕೆ ಧನ್ಯವಾದಗಳು. ಮೊದಲ ವಿಮರ್ಶಕರು ಹೇಳಿದ ಭಾಷೆಯ ತಿದ್ದುಪಡಿಗಳನ್ನೆಲ್ಲ ಮಾಡಿ, ಹೊಸ ಪ್ರತಿಯಲ್ಲಿ ಬಣ್ಣ ಹಾಕಿ ತೋರಿಸಿದ್ದೇನೆ. ಇಲ್ಲಿ ಜಾಸ್ತಿ ಬರೆದಿರುವುದು ಎರಡನೇ ವಿಮರ್ಶಕರ ಮೂರನೇ ಟಿಪ್ಪಣಿಯ ಬಗ್ಗೆ. ಅದರಿಂದ ಪ್ರಬಂಧದ ತೀರ್ಮಾನವೇ ಬದಲಾಗಿದೆ.

ಟಿಪ್ಪಣಿ 2.3: "ಚೀಟಿ ಎತ್ತಿ ಹಂಚಿದ್ದು 24 ತರಗತಿಗಳನ್ನು. ಲೆಕ್ಕ ಹಾಕಿದ್ದು 612 ಮಕ್ಕಳನ್ನು, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರಂತೆ. ಲೇಖಕರಿಗೆ ಸಂಖ್ಯಾಶಾಸ್ತ್ರದ ಮೊದಲ ಪಾಠವೂ ಗೊತ್ತಿದ್ದಂತಿಲ್ಲ, ಅಥವಾ ಬೇಕಾದ ಫಲಿತಾಂಶಕ್ಕಾಗಿ ಈ ವಿಧಾನ ಆರಿಸಿದ್ದಾರೆ. ಮಾಹಿತಿಯೂ ನಾರ್ಮಲ್ ಆಗಿಲ್ಲ. ಮನ್–ವಿಟ್ನಿ ಪರೀಕ್ಷೆ ಬಳಸಬೇಕಿತ್ತು. ಪವರ್ ಲೆಕ್ಕವೂ ಇಲ್ಲ."

ಉತ್ತರ: ತರಗತಿಗಳ ವಿಷಯದಲ್ಲಿ ತಾವು ಹೇಳಿದ್ದು ಸರಿ. ತಪ್ಪು ನನ್ನದು. ಒಂದೇ ಕೋಣೆಯಲ್ಲಿ ಒಬ್ಬರೇ ಶಿಕ್ಷಕರಿಂದ ಕಲಿಯುವ ಮಕ್ಕಳ ಅಂಕಗಳು ಒಟ್ಟೊಟ್ಟಿಗೆ ಏರುತ್ತವೆ, ಒಟ್ಟೊಟ್ಟಿಗೆ ಇಳಿಯುತ್ತವೆ. ಸಾದಾ ಟಿ-ಟೆಸ್ಟ್‌ಗೆ ಇದು ಕಾಣುವುದಿಲ್ಲ. ತಮ್ಮ ಟಿಪ್ಪಣಿ ಓದಿದ ಮೇಲೆ ಅಂಕಗಳನ್ನು ತರಗತಿವಾರು ಚಿತ್ರಿಸಿ ನೋಡಿದೆ. ಗಟ್ಟಿಯಾಗಿ ಓದಿಸಿದ ಗುಂಪಿನ ಒಂದು ತರಗತಿಯಲ್ಲಿ 28 ಮಕ್ಕಳ ಪೈಕಿ 22 ಮಂದಿ ಒಟ್ಟು ಸರಾಸರಿಗಿಂತ ಮೇಲಿದ್ದರು. ಅದೇ ಗುಂಪಿನ ಇನ್ನೊಂದು ತರಗತಿ ಪೂರ್ತಿ ಕೆಳಗೆ ಜಗ್ಗಿತ್ತು. ಈ ಚಿತ್ರವನ್ನು ನಾನು ಮೊದಲೇ ಬರೆದು ನೋಡಬೇಕಿತ್ತು. ಈಗ ಅದು ಪ್ರಬಂಧದ ಚಿತ್ರ 2.

ತರಗತಿಯೊಳಗಿನ ಹೋಲಿಕೆಯ ಅಳತೆ, ಅಂದರೆ `ICC`, 0.12 ಬಂದಿದೆ. ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ತರಗತಿಗೆ ಸರಾಸರಿ 25.5 ಮಕ್ಕಳಿರುವಾಗ `1 + (m − 1) × ICC` ಸೂತ್ರ 3.94 ಕೊಡುತ್ತದೆ. ಅಂದರೆ ನನ್ನ 612 ಮಕ್ಕಳು ಕೊಡುವ ಮಾಹಿತಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಸುಮಾರು 155 ಮಕ್ಕಳು ಕೊಡುವಷ್ಟೇ. ಹಾಗಾಗಿ ಇಡೀ ವಿಶ್ಲೇಷಣೆಯನ್ನು ಮಿಕ್ಸೆಡ್ ಮಾಡೆಲ್‌ನಲ್ಲಿ ಮತ್ತೆ ಮಾಡಿದ್ದೇನೆ:

```r
library(lmerTest)
m <- lmer(gain ~ arm + (1 | class), data = d)
summary(m, ddf = "Kenward-Roger")
```

ತರಗತಿಗಳು ಬರೀ 24 ಇರುವುದರಿಂದ ಕೆನ್ವರ್ಡ್–ರೋಜರ್ ತಿದ್ದುಪಡಿ ಬಳಸಿದ್ದೇನೆ. ಮೊದಲು ಎರಡು ಗುಂಪುಗಳ ನಡುವೆ 3.1 ಅಂಕದ ವ್ಯತ್ಯಾಸ, 0.81 ಸ್ಟ್ಯಾಂಡರ್ಡ್ ಎರರ್ ಎಂದು ಬರೆದಿದ್ದೆ. ಈಗ ವ್ಯತ್ಯಾಸ 2.9, ಸ್ಟ್ಯಾಂಡರ್ಡ್ ಎರರ್ 1.61. 95% ಕಾನ್ಫಿಡೆನ್ಸ್ ಇಂಟರ್ವಲ್ −0.4 ರಿಂದ 6.2 ರವರೆಗೆ ಹರಡಿದೆ. ಸೊನ್ನೆ ಅದರೊಳಗೇ ಇದೆ. ಆದ್ದರಿಂದ "ಗಟ್ಟಿಯಾಗಿ ಓದಿಸಿದರೆ ಗ್ರಹಿಕೆ ಹೆಚ್ಚುತ್ತದೆ" ಎಂಬ ವಾಕ್ಯವನ್ನು ಸಾರಾಂಶದಿಂದಲೂ ತೀರ್ಮಾನದಿಂದಲೂ ತೆಗೆದಿದ್ದೇನೆ. ಶೀರ್ಷಿಕೆಯಲ್ಲಿದ್ದ "ಪರಿಣಾಮಕಾರಿ" ಎಂಬ ಪದವೂ ಹೋಗಿದೆ. ಹಾಗಂತ "ಪರಿಣಾಮವೇ ಇಲ್ಲ" ಎಂದೂ ಬರೆದಿಲ್ಲ. 6 ಅಂಕದಷ್ಟು ಲಾಭವನ್ನೂ ಈ ಮಾಹಿತಿ ತಳ್ಳಿಹಾಕುವುದಿಲ್ಲ, ಅಲ್ವಾ? ಎರಡನ್ನೂ ಚರ್ಚೆಯ ಭಾಗದಲ್ಲಿ ಬಿಡಿಸಿ ಹೇಳಿದ್ದೇನೆ.

ಮನ್–ವಿಟ್ನಿ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ಪರೀಕ್ಷೆಯೂ ಪ್ರತಿ ಮಗುವನ್ನು ಬೇರೆ ಬೇರೆಯಾಗಿಯೇ ಎಣಿಸುತ್ತದೆ. ತಾವೇ ತೋರಿಸಿದ ತಪ್ಪು ಅಲ್ಲೂ ಉಳಿಯುತ್ತದೆ. ಇನ್ನು ಈ ಮಾಡೆಲ್‌ನಲ್ಲಿ ನಾರ್ಮಲ್ ಆಗಿರಬೇಕಾದದ್ದು ಮೂಲ ಅಂಕಗಳಲ್ಲ, ರೆಸಿಡ್ಯುಯಲ್‌ಗಳು ಮತ್ತು ತರಗತಿಗಳ ಏರಿಳಿತ. ಎರಡರ ಕ್ಯೂ-ಕ್ಯೂ ಪ್ಲಾಟ್‌ಗಳನ್ನು ಅನುಬಂಧದಲ್ಲಿ ಕೊಟ್ಟಿದ್ದೇನೆ. ತುದಿಗಳಲ್ಲಿ ಸ್ವಲ್ಪ ಬಾಗಿದ್ದು ಬಿಟ್ಟರೆ ನೇರವಾಗಿವೆ. ಅಷ್ಟಕ್ಕೇ ಬಿಡಬಾರದೆಂದು, ನಾರ್ಮಲ್ ಎಂಬ ಊಹೆಯೇ ಬೇಡದ ಇನ್ನೊಂದು ದಾರಿಯಲ್ಲೂ ನೋಡಿದೆ. 24 ತರಗತಿಗಳ ಸರಾಸರಿಗಳನ್ನು ತೆಗೆದುಕೊಂಡು, ಗುಂಪಿನ ಹೆಸರುಗಳನ್ನು 10,000 ಸಲ ಕಲಸಿ ಪರ್ಮ್ಯುಟೇಶನ್ ಟೆಸ್ಟ್ ಮಾಡಿದೆ. ಅಲ್ಲೂ ಪಿ-ಮೌಲ್ಯ 0.09, ಮಾಡೆಲ್‌ನಲ್ಲೂ 0.09.

ಪವರ್ ಬಗ್ಗೆ: ಅಧ್ಯಯನಕ್ಕೆ ಮುಂಚೆ ನಾನು ಹಾಕಿದ್ದ ಲೆಕ್ಕ ತರಗತಿಗಳನ್ನು ಮರೆತಿತ್ತು. ಅದನ್ನು ಮಿತಿಗಳ ಭಾಗದಲ್ಲಿ ಒಪ್ಪಿಕೊಂಡಿದ್ದೇನೆ. ಆದರೆ ಸಿಕ್ಕ ವ್ಯತ್ಯಾಸವನ್ನೇ ಇಟ್ಟುಕೊಂಡು ಈಗ ಪವರ್ ಲೆಕ್ಕ ಹಾಕಿದರೆ, ಅದು ಪಿ-ಮೌಲ್ಯವನ್ನೇ ಇನ್ನೊಂದು ರೂಪದಲ್ಲಿ ಹೇಳಿದಂತೆ. ಹಾಗಾಗಿ ಅದನ್ನು ಸೇರಿಸಿಲ್ಲ. ಇಂಟರ್ವಲ್ ಎಷ್ಟು ಅಗಲವಿದೆ ಎಂಬುದು ಓದುಗರಿಗೆ ಹೆಚ್ಚು ಉಪಯೋಗ.

ಕೊನೆಯದಾಗಿ, "ಬೇಕಾದ ಫಲಿತಾಂಶಕ್ಕಾಗಿ" ಎಂಬ ಮಾತು. ಅದು ನನ್ನನ್ನು ತುಂಬಾ ನೋಯಿಸಿತು. ನನ್ನದು ತಿಳಿಯದೆ ಮಾಡಿದ ತಪ್ಪು, ಬೇಕಂತ ಮಾಡಿದ್ದಲ್ಲ. ಸುಮ್ನೆ ನನ್ನ ಮಾತು ನಂಬಿ ಎಂದು ಕೇಳುವುದಿಲ್ಲ. ಮಕ್ಕಳ ಗುರುತು ತೆಗೆದ ಮಾಹಿತಿಯನ್ನೂ, ಹಳೆಯ ಮತ್ತು ಹೊಸ ಕೋಡ್ ಎರಡನ್ನೂ ಪ್ರಬಂಧದ ಜೊತೆಗೇ ಕಳಿಸಿದ್ದೇನೆ. `analysis_old.R` ಓಡಿಸಿದರೆ ಮೊದಲ ಪ್ರತಿಯ ಕೋಷ್ಟಕ 3 ಹಾಗೇ ಬರುತ್ತದೆ; `analysis_new.R` ನಿಂದ ಈಗಿನದು ಬರುತ್ತದೆ.

ವಂದನೆಗಳೊಂದಿಗೆ,
ಪ್ರಬಂಧದ ಲೇಖಕಿ, ಪಿಎಚ್‌ಡಿ ವಿದ್ಯಾರ್ಥಿನಿ